ಅಪ್ಪನ ಕಣ್ಣಿಗೆ, ಅಪ್ಪನ ಬೆರಳಿಗೆ ಹೊಂದೋ ಫೋನು

ವಯಸ್ಸಾದವರ ಕೈಗೆ ಸ್ಮಾರ್ಟ್‌ಫೋನ್ ಕೊಡುವ ಮುಂಚೆ ಮನೆಮನೆಯಲ್ಲೂ ನಡೆಯೋದು ಒಂದೇ ಕೆಲಸ. ಸೆಟ್ಟಿಂಗ್ಸ್ ತೆಗೆದು, ಅಕ್ಷರದ ಗಾತ್ರದ ಗೆರೆಯನ್ನು ಪೂರ್ತಿ ಬಲಕ್ಕೆ ಎಳೆದು, "ತಗೋ, ಈಗ ದೊಡ್ಡದಾಗಿ ಕಾಣತ್ತೆ" ಅಂತ ಕೊಟ್ಟುಬಿಡೋದು. ಟೇಕಲ್‌ನಲ್ಲಿರೋ ನಮ್ಮಪ್ಪನ ಫೋನನ್ನೂ ತಮ್ಮ ಹಾಗೇ ಮಾಡಿಕೊಟ್ಟಿದ್ದ. ಅಕ್ಷರವೇನೋ ದೊಡ್ಡದಾಗಿತ್ತು. ಆದರೆ ಅಪ್ಪ ಬ್ಯಾಂಕಿನ ಮೆಸೇಜ್ ಬಂದರೆ ಪಕ್ಕದ ಮನೆ ಹುಡುಗನ ಕೈಲಿ ಓದಿಸ್ತಿದ್ದರು. ನಾನು ಫೋನ್ ಮಾಡಿದರೆ ಎರಡು ಮೂರು ಸಲ ಪೂರ್ತಿ ರಿಂಗಾದ ಮೇಲೆ ಎತ್ತುತ್ತಿದ್ದರು, ಕೆಲವು ಸಲ ಎತ್ತುತ್ತಲೇ ಇರಲಿಲ್ಲ.

ಅಪ್ಪ-ಅಮ್ಮ ಇಬ್ಬರೇ ಇರೋ ಮನೆ. ಅಮ್ಮನಿಗೆ ಸಕ್ಕರೆ ಕಾಯಿಲೆ, ರಾತ್ರಿ ಒಮ್ಮೊಮ್ಮೆ ಸಕ್ಕರೆ ಇಳಿದು ಬೆವರುತ್ತಾಳೆ. ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೀನಿ, ಟ್ರೈನ್ ಹತ್ತಿದರೂ ಊರು ಮುಟ್ಟೋಕೆ ಹೊತ್ತಾಗತ್ತೆ. ಹಾಗಾಗಿ ಫೋನ್ ಎತ್ತದೇ ಇರೋದನ್ನ "ವಯಸ್ಸಾಯ್ತು, ಇನ್ನೇನು" ಅಂತ ಬಿಡೋ ಹಾಗಿರಲಿಲ್ಲ. ಎರಡು ವಾರಾಂತ್ಯ ಊರಲ್ಲಿ ಕೂತು ಆ ಫೋನನ್ನ ಮೊದಲಿಂದ ಸರಿಮಾಡಿದೆ. ಆಗ ಗೊತ್ತಾಗಿದ್ದನ್ನ ಇಲ್ಲಿ ಹೇಳ್ತೀನಿ.

ಮೊದಲು ಅಪ್ಪನ ಬಗ್ಗೆ ಎರಡು ಮಾತು ಹೇಳಲೇಬೇಕು, ಯಾಕಂದ್ರೆ ಸೆಟ್ಟಿಂಗ್ ನಿರ್ಧಾರ ಆಗೋದು ಮನುಷ್ಯನನ್ನು ನೋಡಿ. ಅವರಿಗೆ 69 ವರ್ಷ. ಟೇಕಲ್ ಅಂದರೆ ಕಲ್ಲು. ಸುತ್ತ ಎಲ್ಲಿ ನೋಡಿದರೂ ಬಂಡೆ. ಅಪ್ಪ ಮೂವತ್ತು ವರ್ಷ ಆ ಬಂಡೆಗಳಲ್ಲೇ ಉಳಿ ಸುತ್ತಿಗೆ ಹಿಡಿದವರು. ಈಗ ಎರಡು ಹಸು ಇಟ್ಕೊಂಡು ಡೈರಿಗೆ ಹಾಲು ಹಾಕ್ತಾರೆ. ಎಡಗಣ್ಣಿಗೆ ಪೊರೆಯ ಆಪರೇಷನ್ ಆಗಿದೆ, ಬಲಗಣ್ಣಲ್ಲಿ ಪೊರೆ ಇನ್ನೂ ಇದೆ. ಕನ್ನಡ ಓದ್ತಾರೆ, ನಿಧಾನವಾಗಿ, ತುಟಿ ಆಡಿಸ್ಕೊಂಡು. ಅಮ್ಮನಿಗೆ ಓದೋಕೆ ಬರಲ್ಲ. ಮನೆಯಲ್ಲಿ ಅರ್ಧ ತೆಲುಗು, ಅರ್ಧ ಕನ್ನಡ, ಕೋಲಾರ ಜಿಲ್ಲೆಯ ಎಷ್ಟೋ ಮನೆಗಳ ಹಾಗೆ.

ಈಗ ಅಕ್ಷರದ ವಿಷಯಕ್ಕೆ ಬರೋಣ. ಓದೋದಕ್ಕೆ ಸಂಬಂಧಪಟ್ಟ ಒಂದು ಸಂಗತಿ ದೃಷ್ಟಿ ಪರೀಕ್ಷೆ ಮಾಡೋರಿಗೆ ಚೆನ್ನಾಗಿ ಗೊತ್ತಿರತ್ತೆ. ಅಕ್ಷರ ದೊಡ್ಡದಾಗ್ತಾ ಹೋದ ಹಾಗೆ ಓದೋ ವೇಗ ಹೆಚ್ಚತ್ತೆ, ಆದರೆ ಒಂದು ಗಾತ್ರದವರೆಗೆ ಮಾತ್ರ. ಆಮೇಲೆ ಎಷ್ಟು ದೊಡ್ಡದು ಮಾಡಿದರೂ ವೇಗ ಅಲ್ಲೇ ನಿಲ್ಲತ್ತೆ. ಇನ್ನೂ ದೊಡ್ಡದಾದರೆ ಒಂದು ಸಾಲಿನಲ್ಲಿ ಒಂದೋ ಎರಡೋ ಪದ ಮಾತ್ರ ಹಿಡಿಯೋದರಿಂದ ಓದೋದು ಮತ್ತೆ ನಿಧಾನ ಆಗತ್ತೆ. ಹಾಗಾಗಿ ನಾವು ಹುಡುಕಬೇಕಾದ್ದು ಅತಿ ದೊಡ್ಡ ಗಾತ್ರವನ್ನಲ್ಲ; ತಡವರಿಸದೆ ಓದೋಕಾಗುವ ಅತಿ ಚಿಕ್ಕ ಗಾತ್ರವನ್ನ.

ಅದನ್ನ ಹುಡುಕೋಕೆ ನಾನು ಮಾಡಿದ್ದು ಸುಲಭದ ಕೆಲಸ. ನನ್ನ ಫೋನಿಂದ ಅಪ್ಪನಿಗೆ ಒಂದು ಮೆಸೇಜ್ ಕಳಿಸಿದೆ: "ಬುಧವಾರ ಭದ್ರಣ್ಣನ ಮನೆಯಲ್ಲಿ ಊಟ, ಫಲಹಾರ ಬೇಡ, ದನಕ್ಕೆ ಧಾನ್ಯ ತನ್ನಿ." ಅರ್ಥ ಏನೂ ಇಲ್ಲ, ಅಕ್ಷರ ಮುಖ್ಯ. ಕನ್ನಡದಲ್ಲಿ ದ-ಧ, ಬ-ಭ, ಪ-ಫ ಇವುಗಳ ವ್ಯತ್ಯಾಸ ಇರೋದೇ ಒಂದು ಚಿಕ್ಕ ಸೀಳಿನಲ್ಲಿ. ಒತ್ತಕ್ಷರ ಅಂತೂ ಮುಖ್ಯ ಅಕ್ಷರಕ್ಕಿಂತ ಚಿಕ್ಕದಾಗಿ ಕೆಳಗೆ ಕೂತಿರತ್ತೆ. ಇಂಗ್ಲಿಷ್ ಅಕ್ಷರಕ್ಕೆ ಸಾಕಾಗೋ ಗಾತ್ರ ಕನ್ನಡಕ್ಕೆ ಸಾಲದೇ ಹೋಗೋದು ಇದಕ್ಕೇ. ನಿಮ್ಮ ಮನೆಯಲ್ಲಿ ಪರೀಕ್ಷೆ ಮಾಡೋದಾದರೆ ಕನ್ನಡದಲ್ಲೇ ಮಾಡಿ, ಒತ್ತಕ್ಷರ ಇರೋ ಸಾಲನ್ನೇ ಕೊಡಿ. ಫೋನನ್ನ ಅವರು ಯಾವತ್ತೂ ಹಿಡಿಯೋ ದೂರದಲ್ಲೇ ಹಿಡೀಲಿ, ಕನ್ನಡಕ ಹಾಕೋ ಅಭ್ಯಾಸ ಇದ್ದರೆ ಹಾಕ್ಕೊಂಡೇ ಓದಲಿ.

ಆಂಡ್ರಾಯ್ಡ್ ಫೋನಿನಲ್ಲಿ Settings ಒಳಗೆ Display, ಅದರೊಳಗೆ Display size and text ಅಂತ ಇರತ್ತೆ. ಅಪ್ಪನ ಫೋನಲ್ಲಿ ಅಕ್ಷರಕ್ಕೆ ಏಳು ಮೆಟ್ಟಿಲು. ಎರಡನೆಯದು ಅಂಗಡಿಯಿಂದ ಬಂದಾಗ ಇರೋ ಗಾತ್ರ, ಏಳನೆಯದು ಅದರ ಎರಡು ಪಟ್ಟು. ಮೂರನೆಯದರಲ್ಲಿ ಅಪ್ಪ ನಾಲ್ಕು ಕಡೆ ನಿಂತರು, ಧಾನ್ಯ "ದಾನ" ಆಯ್ತು. ಐದನೆಯದರಲ್ಲಿ, ಅಂದರೆ ಒಂದೂವರೆ ಪಟ್ಟಿನಲ್ಲಿ, ತಡವರಿಸದೆ ಓದಿ ಮುಗಿಸಿದರು. ಏಳನೆಯದರಲ್ಲೂ ಓದಿದರು, ಆದರೆ ಸಾಲು ಮುಗಿದು ಮುಂದಿನ ಸಾಲು ಹಿಡಿಯುವಾಗ ಎರಡು ಸಲ ದಾರಿ ತಪ್ಪಿತು. "ಚೂರು ಚೂರಾಗಿ ಹೋಗಿದೆಯಲ್ಲಮ್ಮಾ ಇದು" ಅಂದರು. ಐದಕ್ಕೇ ನಿಲ್ಲಿಸಿದೆ.

ಏಳನೇ ಮೆಟ್ಟಿಲಲ್ಲಿ ಇನ್ನೊಂದು ತೊಂದರೆ ಇದೆ, ಅದು ಕಣ್ಣಿಗಿಂತ ಅಪಾಯದ್ದು. ಆ್ಯಪ್ ಮಾಡುವವರು ಇಷ್ಟು ದೊಡ್ಡ ಅಕ್ಷರಕ್ಕೆ, ಅದರಲ್ಲೂ ಕನ್ನಡದ ಉದ್ದುದ್ದ ಪದಗಳಿಗೆ ಜಾಗ ಬಿಟ್ಟಿರೋದಿಲ್ಲ. (ಈ ಕೆಲಸ ಮಾಡೋಳೇ ಹೇಳ್ತಿದ್ದೀನಿ, ನಮ್ಮ ಪರೀಕ್ಷೆಗಳಲ್ಲಿ ಇದು ಕೊನೆಗೆ ಬರತ್ತೆ, ಕೆಲವು ಸಲ ಬರೋದೇ ಇಲ್ಲ.) ಗುಂಡಿಯ ಮೇಲಿನ ಬರಹ ಅರ್ಧಕ್ಕೆ ಕತ್ತರಿಸಿ ಮೂರು ಚುಕ್ಕಿ ಬೀಳತ್ತೆ. "ರದ್ದುಮಾಡಿ" ಅನ್ನೋ ಗುಂಡಿ ಪರದೆಯ ಕೆಳಗೆ ಜಾರಿ ಕಾಣದೇ ಹೋಗತ್ತೆ, "ಮುಂದುವರಿಸಿ" ಒಂದೇ ಉಳಿಯತ್ತೆ. ಹಣದ ಆ್ಯಪ್‌ನಲ್ಲಿ ಹೀಗಾದರೆ ಏನಾಗಬಹುದು ಯೋಚಿಸಿ. ಗಾತ್ರ ಬದಲಿಸಿದ ಮೇಲೆ ಅವರು ದಿನಾ ಬಳಸೋ ಆ್ಯಪ್‌ಗಳನ್ನ ಒಂದೊಂದಾಗಿ ತೆರೆದು, ಗುಂಡಿಗಳೆಲ್ಲ ಪೂರ್ತಿ ಕಾಣ್ತಿವೆಯಾ ಅಂತ ನೋಡಲೇಬೇಕು.

ಅದೇ ಪುಟದಲ್ಲಿ ಎರಡನೇ ಗೆರೆಯೊಂದಿದೆ, Display size. ಎಷ್ಟೋ ಜನ ಇದನ್ನ ಮುಟ್ಟೋದೇ ಇಲ್ಲ. ಮೊದಲನೇ ಗೆರೆ ಅಕ್ಷರವನ್ನ ಮಾತ್ರ ಹಿಗ್ಗಿಸತ್ತೆ; ಇದು ಚಿತ್ರ, ಗುಂಡಿ, ಬೆರಳಿಡೋ ಜಾಗ ಎಲ್ಲವನ್ನೂ ಹಿಗ್ಗಿಸತ್ತೆ. ಅಪ್ಪನ ಬೆರಳಿಗೆ ಬೇಕಾಗಿದ್ದು ಇದೇ. ಇಲ್ಲೂ ಒಂದು ಮೆಟ್ಟಿಲು ಮಾತ್ರ ಏರಿಸಿದೆ. ಅದಕ್ಕಿಂತ ಮೇಲೆ ಹೋದರೆ ಪರದೆಯೇ ಚಿಕ್ಕದಾದ ಹಾಗೆ ಆಗಿ, ಮತ್ತೆ ಗುಂಡಿಗಳು ಕೆಳಗೆ ಜಾರೋದು ಶುರುವಾಗತ್ತೆ.

ಇನ್ನು ಬಣ್ಣ. ಪೊರೆ ಇರೋ ಕಣ್ಣು ಅಂದರೆ ಮಂಜು ಹಿಡಿದ ಗಾಜಿನಿಂದ ನೋಡಿದ ಹಾಗೆ. ಕಪ್ಪು ಪೂರ್ತಿ ಕಪ್ಪಾಗಿ ಕಾಣಲ್ಲ, ಬೂದು ಬಣ್ಣದ ಅಕ್ಷರ ಬಿಳಿಯೊಳಗೆ ಕರಗಿಹೋಗತ್ತೆ. ನಮಗೆ "ನೀಟಾಗಿದೆ" ಅನ್ನಿಸೋ ತೆಳು ಬೂದು ಅಕ್ಷರ ಅವರಿಗೆ ಇಲ್ಲವೇ ಇಲ್ಲ. ಬಣ್ಣಗಳ ಅಂತರವನ್ನ 1ರಿಂದ 21ರ ತನಕ ಅಳೀತಾರೆ. ಬಿಳಿ ಮೇಲೆ ಅಪ್ಪಟ ಕಪ್ಪಿಗೆ 21. ವೆಬ್‌ಗೆ ನಿಯಮ ರೂಪಿಸೋ ಡಬ್ಲ್ಯು3ಸಿ ಸಂಸ್ಥೆ ಸಾಮಾನ್ಯ ಗಾತ್ರದ ಅಕ್ಷರಕ್ಕೆ ಕನಿಷ್ಠ 4.5 ಇರಲಿ ಅನ್ನತ್ತೆ. ದೃಷ್ಟಿ ಇನ್ನೂ ಮಂದ ಇರೋರಿಗೆ 7 ಬೇಕು ಅನ್ನೋ ಮೇಲಿನ ದರ್ಜೆಯೂ ಇದೆ. ಬಿಳಿ ಮೇಲೆ #999999 ಅನ್ನೋ ಬೂದು ಬಣ್ಣ ಬರೆದರೆ ಸಿಗೋದು 3ಕ್ಕೂ ಕಡಿಮೆ. ಆ ಬೂದು ಎಷ್ಟೋ ಆ್ಯಪ್‌ಗಳಲ್ಲಿ ದಿನಾಂಕಕ್ಕೆ, ಚಿಕ್ಕ ಸೂಚನೆಗಳಿಗೆ ಕಾಣಸಿಗತ್ತೆ.

ಇದಕ್ಕೆ ಪರಿಹಾರ Settings ಒಳಗಿನ Accessibility ವಿಭಾಗದಲ್ಲಿದೆ, High contrast text. ಹೊಸ ಆಂಡ್ರಾಯ್ಡ್ 16ರಲ್ಲಿ ಇದರ ಹೆಸರು Outline text. ಇದನ್ನ ಹಾಕಿದರೆ ಬೂದು ಅಕ್ಷರವೆಲ್ಲ ಅಪ್ಪಟ ಕಪ್ಪಾಗತ್ತೆ ಅಥವಾ ಅಪ್ಪಟ ಬಿಳಿಯಾಗತ್ತೆ. ಬಣ್ಣದ ಗುಂಡಿಗಳ ಮೇಲೆ ಅಕ್ಷರದ ಸುತ್ತ ಅಂಚು ಕಟ್ಟಿದ ಹಾಗಾಗಿ ಸ್ವಲ್ಪ ಒರಟಾಗಿ ಕಾಣತ್ತೆ, ನನ್ನ ಕಣ್ಣಿಗೆ ಹಿಡಿಸಲಿಲ್ಲ. ಅಪ್ಪ ನೋಡಿ "ಈಗ ಬರೆದಿದ್ದಾರೆ ನೋಡು" ಅಂದರು. ಫೋನು ಅವರದು, ನನ್ನ ಕಣ್ಣಿನ ಅಭಿಪ್ರಾಯ ಅಲ್ಲಿಗೆ ಮುಗೀತು. ಈ ಸೆಟ್ಟಿಂಗ್‌ಗೆ ಬಗ್ಗದ ಆ್ಯಪ್‌ಗಳೂ ಇವೆ, ಅದಕ್ಕೆ ನಾವು ಮಾಡೋ ಹಾಗಿಲ್ಲ.

ಅಲ್ಲೇ Bold text ಕೂಡ ಇದೆ. ಇದನ್ನ ಕೊನೆಗೆ ಹಾಕಿ. ಗೆರೆ ದಪ್ಪ ಆದಷ್ಟೂ ಧ, ಭ, ಫಗಳ ಸೀಳು ಕಿರಿದಾಗತ್ತೆ. ಅಕ್ಷರ ಚಿಕ್ಕದಿದ್ದಾಗ ಹಾಕಿದರೆ ಒತ್ತಕ್ಷರ ಮುದ್ದೆಯಾಗಿ ಓದೋದು ಇನ್ನೂ ಕಷ್ಟ. ಐದನೇ ಮೆಟ್ಟಿಲಿನ ಗಾತ್ರ ಇಟ್ಟ ಮೇಲೆ ದಪ್ಪ ಮಾಡಿ, ಅದೇ ಮೆಸೇಜನ್ನ ಮತ್ತೆ ಓದಿಸಿದೆ. ತೊಂದರೆ ಆಗಲಿಲ್ಲ, ಹಾಗೇ ಬಿಟ್ಟೆ.

ಕಪ್ಪು ಹಿನ್ನೆಲೆಯ Dark theme ಒಳ್ಳೇದಾ ಕೆಟ್ಟದ್ದಾ ಅಂತ ತುಂಬಾ ಜನ ಕೇಳ್ತಾರೆ. ಪೊರೆ ಇರೋರಿಗೆ ಬಿಳಿ ಪರದೆಯ ಬೆಳಕು ಕಣ್ಣಲ್ಲಿ ಚದುರಿ ಚುಚ್ಚತ್ತೆ, ಅದಕ್ಕೇ ಎಷ್ಟೋ ಜನಕ್ಕೆ ಕಪ್ಪಿನ ಮೇಲೆ ಬಿಳಿ ಅಕ್ಷರ ಹಿತ. ರಾತ್ರಿ ದೀಪದ ಬೆಳಕಲ್ಲಿ ಅಪ್ಪನಿಗೂ ಹಾಗೇ ಆಯ್ತು. ಬೆಳಗ್ಗೆ ಜಗುಲಿ ಮೇಲೆ ಕೂತಾಗ ಕಥೆ ಉಲ್ಟಾ. ಬಿಸಿಲಿನಲ್ಲಿ ಕಪ್ಪು ಪರದೆ ಕನ್ನಡಿಯಾಗತ್ತೆ, ಅಕ್ಷರದ ಬದಲು ತಮ್ಮ ಮುಖವೇ ಕಾಣತ್ತೆ. ದಿನದ ಹೆಚ್ಚು ಹೊತ್ತು ಹೊರಗಿರೋ ಮನುಷ್ಯ ಅವರು. ಹಾಗಾಗಿ Dark themeನ Schedule ಒಳಗೆ ಸೂರ್ಯ ಮುಳುಗಿದ ಮೇಲೆ ಮಾತ್ರ ಕಪ್ಪಾಗೋ ಹಾಗೆ ಇಟ್ಟೆ. ಸಂಜೆ ಪರದೆ ತಾನಾಗೇ ಬದಲಾದರೆ "ಕೆಟ್ಟೋಯ್ತು" ಅಂತ ಗಾಬರಿ ಬೀಳಬಾರದು ಅಂತ ಮೊದಲೇ ಹೇಳಿಟ್ಟೆ.

ಹೋಮ್ ಸ್ಕ್ರೀನ್ ಬಗ್ಗೆ ಅಪ್ಪನಿಗೂ ನನಗೂ ಸಣ್ಣ ಜಗಳ ಆಯ್ತು. ಅವರಿಗೆ ಹಿನ್ನೆಲೆಯಲ್ಲಿ ಕೋಲಾರಮ್ಮನ ಫೋಟೋ ಬೇಕು. ಹೂವಿನ ಅಲಂಕಾರದ ಫೋಟೋ ಮೇಲೆ ಐಕಾನ್ ಹೆಸರುಗಳು ಓದೋಕಾಗಲ್ಲ, ಒಂದು ಅಕ್ಷರ ಹಳದಿ ಮೇಲೆ, ಇನ್ನೊಂದು ಬಿಳಿ ಮೇಲೆ ಬೀಳತ್ತೆ. ಕೊನೆಗೆ ಕೋಲಾರಮ್ಮ ಲಾಕ್ ಸ್ಕ್ರೀನ್‌ಗೆ ಬಂದಳು, ಒಳಗೆ ಬರೀ ಕಪ್ಪು. "ಬಾಗಿಲಲ್ಲೇ ಅಮ್ಮ ಇರ್ತಾಳೆ, ಆಗಲಿ" ಅಂತ ಒಪ್ಪಿಕೊಂಡರು.

ಈಗ ಬಹಳಷ್ಟು ಫೋನುಗಳಲ್ಲಿ ಹಿರಿಯರಿಗೆ ಅಂತಲೇ ಸರಳ ಹೋಮ್ ಸ್ಕ್ರೀನ್ ಬರತ್ತೆ. ಸ್ಯಾಮ್ಸಂಗ್‌ನಲ್ಲಿ Easy mode, ಶಿಯೋಮಿಯಲ್ಲಿ Lite mode, ಒಪ್ಪೋ ಮತ್ತು ರಿಯಲ್‌ಮಿಯಲ್ಲಿ Simple mode ಅಂತ ಹುಡುಕಿ. ಐಫೋನ್ ಇದ್ದರೆ 2023ರ ಐಓಎಸ್ 17ರಿಂದ Assistive Access ಇದೆ. Settings ಮೇಲ್ಭಾಗದ ಹುಡುಕೋ ಜಾಗದಲ್ಲಿ ಹೆಸರು ಹಾಕಿದರೆ ಸಿಗತ್ತೆ. ಇದು ದೊಡ್ಡ ಐಕಾನ್ ಕೊಡತ್ತೆ, ಆದರೆ ಯಾವ ಐಕಾನ್ ಇರಬೇಕು ಅಂತ ನಿರ್ಧರಿಸೋ ಕೆಲಸ ನಿಮ್ಮದೇ.

ಒಂದು ದಿನ ಪೂರ್ತಿ ಅಪ್ಪ ಫೋನಲ್ಲಿ ಏನೇನು ಮಾಡ್ತಾರೆ ಅಂತ ಸುಮ್ಮನೆ ನೋಡಿದೆ. ಮೂರು ಜನಕ್ಕೆ ಫೋನ್, ಬಂದ ಮೆಸೇಜ್ ನೋಡೋದು, ವಾಟ್ಸ್‌ಆ್ಯಪ್‌ನಲ್ಲಿ ಮೊಮ್ಮಗನ ಫೋಟೋ. ಅಷ್ಟೇ. ಉಳಿದ ಮೂವತ್ತು ಐಕಾನ್ ದಾರಿ ತಪ್ಪಿಸೋಕೆ ಇದ್ದವು. ಈಗ ಒಂದೇ ಪುಟ. ಮೇಲೆ ದೊಡ್ಡ ಗಡಿಯಾರ. ಅದರ ಕೆಳಗೆ ನಾನು, ತಮ್ಮ, ಮಾಲೂರಿನ ಸೋದರತ್ತೆ, ಮೂವರ ಮುಖ. ಅದರ ಕೆಳಗೆ ಫೋನ್, ಮೆಸೇಜ್, ವಾಟ್ಸ್‌ಆ್ಯಪ್. ಒಟ್ಟು ಆರು.

ಆ ಮೂರು ಮುಖಗಳೇ ಈ ಫೋನಿನ ಅರ್ಧ ಉಪಯೋಗ. ಹೋಮ್ ಸ್ಕ್ರೀನಿನ ಖಾಲಿ ಜಾಗ ಒತ್ತಿ ಹಿಡಿದು Widgets ಅಂತ ಆರಿಸಿ, Contacts ಕೆಳಗೆ Direct dial ಹುಡುಕಿ. ಯಾರ ನಂಬರ್ ಆರಿಸ್ತೀರೋ ಅವರ ಫೋಟೋ ಪರದೆ ಮೇಲೆ ಕೂರತ್ತೆ, ಮುಟ್ಟಿದರೆ ನೇರ ಕರೆ ಹೋಗತ್ತೆ. ಫೋಟೋ ಮುಖ ತುಂಬಾ ಇರೋದಾಗಿರಲಿ, ಮದುವೆ ಮನೆಯ ಗುಂಪಿನ ಫೋಟೋ ಬೇಡ. ಹೆಸರು ಚಿಕ್ಕದಾಗಿರಲಿ, ಯಾಕಂದ್ರೆ ಐಕಾನ್ ಕೆಳಗೆ ಒಂದೇ ಸಾಲು, ಮಿಕ್ಕಿದ್ದು ಕತ್ತರಿಸಿ ಹೋಗತ್ತೆ. ನನ್ನ ಹೆಸರು ಈಗ ಅಲ್ಲಿ "ಪಾಪ", ತಮ್ಮ "ಮಗ", ಅತ್ತೆ "ತಂಗಿ", ಅಪ್ಪ ಕರೆಯೋ ಹಾಗೇ. ಓದೋಕೆ ಬರದ ಅಮ್ಮ ಅವತ್ತು ಮೊದಲ ಸಲ ತಾನೇ ಫೋನ್ ತಗೊಂಡು, ಹಿತ್ತಲಲ್ಲಿದ್ದ ನನಗೆ ಕರೆ ಮಾಡಿದಳು. "ನಾನೇ ಮಾಡಿದ್ದು" ಅಂತ ಹೇಳೋಕೆ. ರಾತ್ರಿ ಸಕ್ಕರೆ ಇಳಿದಾಗ ಅಪ್ಪ ಮನೆಯಲ್ಲಿಲ್ಲದಿದ್ದರೂ ಅವಳಿಗೆ ಈಗ ಒಂದು ದಾರಿ ಇದೆ. ಇದಕ್ಕೊಂದು ಬೆಲೆಯೂ ಇದೆ: ಜೇಬಲ್ಲಿ ಪರದೆ ತೆರೆದೇ ಉಳಿದರೆ ತಾನಾಗೇ ಕರೆ ಹೋಗತ್ತೆ. ಪರದೆ ಆರೋ ಸಮಯವನ್ನ ಒಂದು ನಿಮಿಷಕ್ಕಿಂತ ಹೆಚ್ಚಿಡಬೇಡಿ.

ಆಮೇಲೆ ಬೆರಳು. ಉಳಿ ಹಿಡಿದ ಕೈಯ ಬೆರಳ ತುದಿ ಗಟ್ಟಿ, ಒಣಗಿದ್ದು. ಟಚ್ ಸ್ಕ್ರೀನ್ ಗುರುತಿಸೋದು ಬೆರಳಿನ ಒತ್ತಡವನ್ನಲ್ಲ, ಚರ್ಮದ ಮೂಲಕ ಆಗೋ ಸಣ್ಣ ವಿದ್ಯುತ್ ಬದಲಾವಣೆಯನ್ನ. ಜಡ್ಡುಗಟ್ಟಿದ ಒಣ ಚರ್ಮ ಅದನ್ನ ತಡೀತದೆ. ಸ್ಪಂದಿಸಲಿಲ್ಲ ಅಂತ ಅಪ್ಪ ಇನ್ನೂ ಗಟ್ಟಿಯಾಗಿ, ಇನ್ನೂ ಹೊತ್ತು ಒತ್ತೋರು. ಹೊತ್ತು ಒತ್ತಿದರೆ ಫೋನಿಗೆ ಅದು ಬೇರೆಯೇ ಆಜ್ಞೆ: ಐಕಾನ್ ಎದ್ದು ಅಲ್ಲಾಡತ್ತೆ, ಜಾಗ ಬದಲಾಗತ್ತೆ, ಕೆಲವು ಸಲ ಅಳಿಸಿ ಹೋಗತ್ತೆ. "ವಾಟ್ಸ್‌ಆ್ಯಪ್ ಎಲ್ಲೋ ಹೋಯ್ತು" ಅಂತ ವಾರಕ್ಕೊಮ್ಮೆ ಬರ್ತಿದ್ದ ದೂರಿನ ಮೂಲ ಇದು.

ಮೂರು ಕೆಲಸ ಮಾಡಿದೆ. ದಪ್ಪ ಸ್ಕ್ರೀನ್ ಗಾರ್ಡ್ ತೆಗೆದು ತೆಳುವಾದದ್ದು ಹಾಕಿಸಿದೆ. Accessibility ಒಳಗಿನ Timing controlsನಲ್ಲಿ Touch & hold delay ಅನ್ನ Long ಮಾಡಿದೆ; ಮಾಮೂಲಿನಲ್ಲಿ ಅರ್ಧ ಸೆಕೆಂಡಿಗೂ ಕಡಿಮೆ ಇರೋದು ಈಗ ಒಂದೂವರೆ ಸೆಕೆಂಡ್, ಅಷ್ಟು ಹೊತ್ತಿನೊಳಗೆ ಬೆರಳು ಎತ್ತಿದರೆ ಸಾಮಾನ್ಯ ಒತ್ತೇ ಆಗತ್ತೆ. ಮೂರನೆಯದು, ಹೋಮ್ ಸ್ಕ್ರೀನ್ ಸೆಟ್ಟಿಂಗ್‌ನಲ್ಲಿ Lock layout ಅಥವಾ ಹಾಗೆ ಅರ್ಥ ಬರೋ ಹೆಸರನ್ನ ಹುಡುಕಿ ಬೀಗ ಹಾಕಿದೆ. ಐಕಾನ್ ಈಗ ಜರುಗಲ್ಲ. ಇದು ಚಿಕ್ಕ ವಿಷಯ ಅನ್ನಿಸಬಹುದು, ಆದರೆ ಕಣ್ಣು ಮಂದ ಇರೋರು ಹೆಸರು ಓದಿ ಐಕಾನ್ ಹುಡುಕಲ್ಲ. ಅದು ಇರೋ ಜಾಗ ನೆನಪಿಟ್ಕೊಂಡು ಕೈ ಹಾಕ್ತಾರೆ, ಕತ್ತಲಲ್ಲಿ ಸ್ವಿಚ್ ಹುಡುಕೋ ಹಾಗೆ.

ಫೋನ್ ಎತ್ತದೇ ಇದ್ದುದಕ್ಕೂ ಕಾರಣ ಬೆರಳೇ. ಕರೆ ಬಂದಾಗ ಬೆರಳನ್ನ ಪರದೆ ಮೇಲೆ ಎಳೀಬೇಕಿತ್ತು, ಒಣ ಬೆರಳು ಅರ್ಧದಲ್ಲೇ ಕೈಬಿಡ್ತಿತ್ತು. ಗೂಗಲ್ ಫೋನ್ ಆ್ಯಪ್‌ನ ಹೊಸ ಆವೃತ್ತಿಯ ಸೆಟ್ಟಿಂಗ್‌ನಲ್ಲಿ Incoming call gesture ಇದೆ, ಅದನ್ನ Single tap ಮಾಡಿದರೆ ಎಳೆಯೋದು ಬೇಡ, ಮುಟ್ಟಿದರೆ ಸಾಕು.

ಪೂರ್ತಿ ಎತ್ತದೇ ಹೋಗ್ತಿದ್ದ ಕರೆಗಳ ಗುಟ್ಟು ಬೇರೆ. ಮೇಲಿಂದ ಪರದೆ ಎಳೆದಾಗ ಬರೋ ಗುಂಡಿಗಳಲ್ಲಿ Do Not Disturb ಮುಂದಿನ ಸಾಲಲ್ಲೇ ಇತ್ತು. ಟಾರ್ಚ್ ಹಾಕೋಕೆ ಹೋಗಿ ಅದನ್ನ ಮುಟ್ಟಿರ್ತಿದ್ದರು, ಫೋನು ಸದ್ದಿಲ್ಲದೆ ಬಿದ್ದಿರ್ತಿತ್ತು. ನಿಮ್ಮ ಮನೆಯಲ್ಲೂ "ರಿಂಗೇ ಆಗಲಿಲ್ಲ" ಅನ್ನೋ ಮಾತು ಬಂದರೆ ಪರದೆಯ ಮೇಲಂಚನ್ನ ನೋಡಿ, ವೃತ್ತದೊಳಗೆ ಅಡ್ಡಗೆರೆ ಅಥವಾ ಚಂದ್ರನ ಗುರುತು ಇದ್ದರೆ ಇದೇ ಕಾರಣ. ಪೆನ್ಸಿಲ್ ಚಿತ್ರ ಒತ್ತಿದರೆ ಆ ಗುಂಡಿಗಳ ಜಾಗ ಬದಲಿಸಬಹುದು. ಟಾರ್ಚ್ ಮೊದಲನೆಯದು, Do Not Disturb ಮತ್ತು Airplane mode ಎರಡನ್ನೂ ಸಾಲಿನಿಂದಲೇ ತೆಗೆದೆ.

ಎಲ್ಲ ಮುಗಿದ ಮೇಲೆ ಹೋಮ್ ಸ್ಕ್ರೀನಿನ ಮತ್ತು ಬದಲಿಸಿದ ಸೆಟ್ಟಿಂಗ್ ಪುಟಗಳ ಫೋಟೋ ನನ್ನ ಫೋನಿನಲ್ಲಿ ಇಟ್ಕೊಂಡೆ. ದೊಡ್ಡ ಅಪ್‌ಡೇಟ್ ಬಂದಾಗ ಇವುಗಳಲ್ಲಿ ಒಂದೆರಡು ಹಳೇ ಸ್ಥಿತಿಗೆ ಹೋಗಬಹುದು, ಆಗ ಹೋಲಿಸಿ ನೋಡೋಕೆ ಬೇಕು.

ಬರೋ ತಿಂಗಳು ಅಪ್ಪನ ಬಲಗಣ್ಣಿಗೆ ಆಪರೇಷನ್. ಆಮೇಲೆ ಕಣ್ಣು ನೆಲೆಗೊಂಡು ಹೊಸ ಕನ್ನಡಕ ಬರೋಕೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ. ಅಲ್ಲೀವರೆಗೆ ಗಾತ್ರ ಮುಟ್ಟಲ್ಲ. ಕನ್ನಡಕ ಬಂದ ಮೇಲೆ ಭದ್ರಣ್ಣನ ಮನೆ ಊಟದ ಮೆಸೇಜನ್ನ ಮತ್ತೆ ಕಳಿಸ್ತೀನಿ. ಐದನೇ ಮೆಟ್ಟಿಲು ನಾಲ್ಕಕ್ಕೆ ಇಳಿದರೂ ಇಳೀಬಹುದು. ಅಪ್ಪನ ಚಿಂತೆ ಬೇರೆ: "ಅಷ್ಟು ಸಲ ಓದಿಸ್ತೀಯಲ್ಲ, ಯಾರಮ್ಮಾ ಆ ಭದ್ರಣ್ಣ?"